ಕೇಳದೆ ಬಿಟ್ಟ ಎರಡನೆಯ ಮಾತು

ಬೂವನಹಳ್ಳಿಯ ರಾಮಣ್ಣ ಹಾಸನದ ಸಂತೆಪೇಟೆಗೆ ಬಂದದ್ದು ಹೆಂಡತಿಗೆ ಒರಗಿಕೊಳ್ಳುವ ಕುರ್ಚಿಯೊಂದನ್ನು ಕೊಳ್ಳಲು. ನಂಜಮ್ಮ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ಬಾತುಕೊಂಡಿದ್ದವು. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಚಪ್ಪಟೆ ಮಲಗಿಸಲೇಬಾರದು, ಬೆನ್ನು ಎತ್ತರದಲ್ಲಿರಬೇಕು, ಅರ್ಧ ಕೂತ ಹಾಗೆಯೇ ನಿದ್ದೆ ಮಾಡಿಸಿ ಎಂದಿದ್ದರು. ಮನೆಯಲ್ಲಿ ಗೋಡೆಗೆ ರಾಗಿಮೂಟೆ ಒರಗಿಸಿ ಅವಳನ್ನು ಕೂರಿಸುತ್ತಿದ್ದರು. ಕಣ್ಣು ಹತ್ತುವ ಹೊತ್ತಿಗೆ ಮೂಟೆ ಜರುಗುತ್ತಿತ್ತು, ಅವಳೂ ಜರುಗುತ್ತಿದ್ದಳು.

ಕುರ್ಚಿ ಯಾರಿಗೆ ಎಂಬುದನ್ನು ಮಾತ್ರ ರಾಮಣ್ಣ ದಾರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೆತ್ತ ತಾಯಿ ನೆಲದ ಮೇಲೆ ಕೂರುವ ಮನೆಯಲ್ಲಿ ಸೊಸೆಗೆ ಅಮಲ್ದಾರರ ಥರದ ಕುರ್ಚಿ ಎಂದರೆ ಕೇಳಿದವರು ನಗುತ್ತಾರೆ. ಹೆಂಡತಿಯ ಕಾಯಿಲೆಯನ್ನು ಅಂಗಡಿಯ ಕಟ್ಟೆಯ ಮೇಲೆ ಆಡಿಕೊಳ್ಳುವುದೂ ಅವನಿಗೆ ಬೇಕಿರಲಿಲ್ಲ. ಅಂಗಡಿಯವರಾಗಿಯೇ ಕೇಳಿದರೆ ಹೇಳೋಣ ಎಂದುಕೊಂಡಿದ್ದ.

ಗಂಗಾಧರಯ್ಯನವರ ಅಂಗಡಿ ಆ ಬೀದಿಗೇ ಹೊಸದು. ಮುಂದೆ ಗಾಜು ಹಾಕಿಸಿ, ಮೇಲೆ ‘ಫರ್ನಿಚರ್ ಷೋ ರೂಂ’ ಎಂದು ಹಲಗೆ ಬರೆಸಿದ್ದರು. ಸುತ್ತಿನ ಹಳ್ಳಿಯವರ ಬಾಯಲ್ಲಿ ಅದು ಕುರ್ಚಿ ಅಂಗಡಿಯೇ ಆಗಿ ಉಳಿದಿತ್ತು. ಒಳಗೆ ಬಂದವರಿಗೆ ಸಾಮಾನು ತೋರಿಸಿ ಮಾತಾಡಿ ಮಾರುವವನು ರುದ್ರಯ್ಯ. ನಲವತ್ತು ದಾಟಿದವನು, ಮೂರು ಹೆಣ್ಣುಮಕ್ಕಳ ತಂದೆ, ಸಂಜೆಯ ಹೊತ್ತಿಗೆ ನಿಂತು ನಿಂತು ಕಾಲು ಮರಗಟ್ಟಿರುತ್ತಿತ್ತು.

ಹಿಂದಿನ ವರ್ಷ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋಗಿದ್ದ ಗಂಗಾಧರಯ್ಯನವರು ಅಲ್ಲಿ ಮದರಾಸಿನ ಏಜೆಂಟನೊಬ್ಬನ ಜೊತೆ ಇಡೀ ಮಧ್ಯಾಹ್ನ ಕೂತು ಒಂದು ವಿದ್ಯೆ ಕಲಿತು ಬಂದಿದ್ದರು. ಬೆಲೆ ಜಾಸ್ತಿಯಾಯಿತು ಎಂದು ಗಿರಾಕಿ ಅಂದ ಕೂಡಲೇ ಇಳಿಸುವುದು ದಡ್ಡತನ. ಮೊದಲು ಹೇಳಿದ ಬೆಲೆ ಸುಳ್ಳು ಎಂದು ನಾವೇ ಒಪ್ಪಿಕೊಂಡ ಹಾಗೆ. ಅದಕ್ಕೆ ಬದಲಾಗಿ ಐದು ಮಾತುಗಳನ್ನು ವರಸೆಯಾಗಿ ಆಡಬೇಕು. ರುದ್ರಯ್ಯನನ್ನು ಎದುರು ಕೂರಿಸಿಕೊಂಡು ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದ್ದರು.

“ಜಾಸ್ತಿ ಆಯ್ತು ಅಂತಾರೆ. ಆಗ?”

“ಎದುರಾಡಬಾರದು. ಹೌದು ಸ್ವಾಮಿ, ಕೇಳಿದ ತಕ್ಷಣ ಹಾಗೇ ಅನ್ಸುತ್ತೆ ಅನ್ನಬೇಕು. ಅಂದು ಸುಮ್ನಿರಬೇಕು.”

“ಎರಡನೇದು?”

“ಕೇಳಬೇಕು. ಯಾವುದರ ಲೆಕ್ಕದಲ್ಲಿ ಜಾಸ್ತಿ, ಯಾರಿಗೆ ಬೇಕು, ಏತಕ್ಕೆ ಬೇಕು.”

“ಯಾಕೆ ಕೇಳ್ಬೇಕು?”

“ಜಾಸ್ತಿ ಅನ್ನೋ ಮಾತು ಒಂದೇ ಇದ್ರೂ ಹಿಂದಿನ ಕಾರಣ ಬೇರೆ ಬೇರೆ. ಬೇರೆ ಕಡೆ ಕಡಿಮೆಗೆ ಕಂಡಿರ್ಬೋದು. ಕೈಲಿ ಅಷ್ಟು ಇಲ್ದೇ ಇರ್ಬೋದು. ಸುಮ್ನೆ ವಾಡಿಕೆಗೆ ಅಂದಿರ್ಬೋದು. ಕಾರಣ ತಿಳೀದೆ ಉತ್ತರ ಹೇಳಬಾರದು.”

“ಭಲೆ. ಮೂರು?”

ಮೂರನೆಯದು ಸಾಮಾನನ್ನು ತಿರುಗಿಸಿ ಒಳಗಿನ ಕೆಲಸ ತೋರಿಸುವುದು. ನಾಲ್ಕನೆಯದು ಬೆಲೆಯನ್ನು ಬಾಳಿಕೆಯ ವರ್ಷಗಳ ಮೇಲೆ ಹಂಚಿ ಹೇಳುವುದು. ಅಷ್ಟಕ್ಕೂ ಗಿರಾಕಿ ಒಪ್ಪದಿದ್ದರೆ ಐದನೆಯದು: ಬೆಲೆ ಇಳಿಸದೆ ಸಾಮಾನನ್ನು ಇಳಿಸುವುದು, ಅಂದರೆ ಅದೇ ಕೆಲಸಕ್ಕೆ ಬರುವ ಸಾದಾ ಸಾಮಾನನ್ನು ತೋರಿಸುವುದು. ಕಟ್ಟಕಡೆಗೆ ಬೆಲೆಯಲ್ಲಿ ಏನಾದರೂ ಬಿಡಲೇಬೇಕಾಗಿ ಬಂದರೂ ಸುಮ್ಮನೆ ಬಿಡಬಾರದು. ಅಲ್ಲೇ ನಗದು ಕೊಟ್ಟರೆ ಇಷ್ಟು, ತಾವೇ ಹೊತ್ತುಕೊಂಡು ಹೋದರೆ ಇಷ್ಟು ಎಂದು ಅವರಿಂದಲೂ ಒಂದನ್ನು ಪಡೆದೇ ಬಿಡಬೇಕು.

ರುದ್ರಯ್ಯನಿಗೆ ಐದರಲ್ಲಿ ಕಷ್ಟವಾದದ್ದು ಎರಡನೆಯದೇ. ಕೇಳಿದರೆ ಜನ ಹೇಳಿಬಿಡುತ್ತಿದ್ದರು. ಹೊಳೆನರಸೀಪುರದ ಕಾಮಾಕ್ಷಮ್ಮ ಎಂಬಾಕೆ ಮಂಚ ನೋಡಲು ಬಂದವಳು, ಯಾರಿಗಮ್ಮ ಎಂದು ಕೇಳಿದ ತಪ್ಪಿಗೆ, ಮಗನ ಕೆಲಸ ಹೋದದ್ದನ್ನೂ ಸೊಸೆ ತವರಿಗೆ ಹೋಗಿ ಕೂತದ್ದನ್ನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದ್ದಳು. ರುದ್ರಯ್ಯ ಮೂರನೆಯ ಮಾತಿಗೆ ಹೋಗದೆಯೇ ನಾಲ್ಕು ರೂಪಾಯಿ ಬಿಟ್ಟಿದ್ದ. ವಾರವಾಗುವಷ್ಟರಲ್ಲಿ ಅವಳ ಮಗ ಕೆಲಸದಲ್ಲೇ ಇದ್ದಾನೆ, ಸೊಸೆಯೂ ಮನೆಯಲ್ಲೇ ಇದ್ದಾಳೆ ಎಂದು ತಿಳಿಯಿತು.

“ನೀನು ಮಂಚ ಮಾರ್ಲಿಲ್ಲ ಕಣಯ್ಯ, ಕತೆ ಕೊಂಡ್ಕೊಂಡೆ,” ಎಂದು ಗಂಗಾಧರಯ್ಯನವರು ಇಡೀ ಅಂಗಡಿ ಕೇಳುವ ಹಾಗೆ ಹಂಗಿಸಿದ್ದರು. “ನಾಲ್ಕು ರೂಪಾಯ್ಗೆ ಕತೆ! ಇನ್ನೊಂದು ಸಲ ಹಿಂಗಾದ್ರೆ ನೀನು ಹರಿಕತೆ ಮಂಡಳಿಗೇ ಸೇರ್ಕೊ.”

ಅಂದಿನಿಂದ ರುದ್ರಯ್ಯ ಎರಡನೆಯ ಮಾತನ್ನು ನುಂಗಲು ಶುರುಮಾಡಿದ. ಮೊದಲನೆಯದರಿಂದ ನೇರ ಮೂರನೆಯದಕ್ಕೆ. ಕೇಳದಿದ್ದರೆ ಕರಗುವ ಪ್ರಶ್ನೆಯೇ ಇಲ್ಲ. ಬೆಲೆ ನಿಲ್ಲುತ್ತಿತ್ತು, ಯಜಮಾನರ ಮುಖ ಅರಳುತ್ತಿತ್ತು.

ರಾಮಣ್ಣ ಬಾಗಿಲಲ್ಲೇ ಮೆಟ್ಟು ಬಿಟ್ಟು ಒಳಗೆ ಬಂದು, ತೇಗದ ದೊಡ್ಡ ಈಸಿ ಚೇರಿನ ಮುಂದೆ ನಿಂತ. ಬೆತ್ತ ಹೆಣೆದ ಬೆನ್ನು, ಅಗಲ ಕೈಗಳು. ಮುಟ್ಟಲು ಕೈ ಚಾಚಿ, ಮತ್ತೆ ಪಂಚೆಗೆ ಒರೆಸಿಕೊಂಡು ಮುಟ್ಟಿದ.

“ಬನ್ನಿ ಗೌಡ್ರೇ. ಕೂತು ನೋಡಿ.”

“ಬ್ಯಾಡಿ ಸಾ, ಬಟ್ಟೆ ಕೊಳೆ.” ಸ್ವಲ್ಪ ಹೊತ್ತು ಬೆನ್ನಿನ ಇಳಿಜಾರನ್ನೇ ನೋಡಿದ. “ಇದ್ರಲ್ಲಿ ಒರಗ್ಕಂಡು ನಿದ್ದೆ ಮಾಡ್ಬೋದಾ? ಬೀಳಾಕಿಲ್ವಾ?”

“ಬೀಳೋದೆಲ್ಲಿ ಬಂತು? ಕೈ ಇವೆಯಲ್ಲ ಎರಡು ಕಡೆ.”

“ಎಷ್ಟಾಯ್ತದೆ?”

“ಹದಿನೆಂಟು ರೂಪಾಯಿ.”

ರಾಮಣ್ಣ ಕುರ್ಚಿಯಿಂದ ಕೈ ತೆಗೆದ. “ಜಾಸ್ತಿ ಆಯ್ತು ಸಾ.”

“ಹೌದು ಗೌಡ್ರೇ, ಕೇಳಿದ ತಕ್ಷಣ ಹಾಗೇ ಅನ್ಸುತ್ತೆ,” ಎಂದು ರುದ್ರಯ್ಯ ಸುಮ್ಮನಾದ.

ಗದ್ದಿಗೆಯ ಮೇಲೆ ಕೂತಿದ್ದ ಗಂಗಾಧರಯ್ಯನವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿದ್ದರು. ಮುಂದಿನದು ಎರಡನೆಯ ಮಾತು. ರುದ್ರಯ್ಯನಿಗೆ ಅದು ನಾಲಗೆಯ ತುದಿಗೆ ಬಂತು. ನಿದ್ದೆ ಮಾಡಬಹುದಾ, ಬೀಳುವುದಿಲ್ಲವಾ ಎಂದು ಕುರ್ಚಿ ಕೊಳ್ಳುವವರು ಯಾರೂ ಕೇಳಿದ್ದಿಲ್ಲ. ಗಟ್ಟಿಯಾ, ಪಾಲಿಷ್ ಹೋಗುತ್ತದಾ ಎಂದು ಕೇಳುತ್ತಾರೆ. ಈ ಮನುಷ್ಯನ ಹಿಂದೆ ಏನೋ ಇದೆ ಎನ್ನಿಸಿತು. ಅನ್ನಿಸಿದ್ದರಿಂದಲೇ ಅವನು ಕೇಳಲಿಲ್ಲ. ಕುರ್ಚಿಯನ್ನು ಎತ್ತಿ ತಲೆಕೆಳಗು ಮಾಡಿದ.

“ಇಲ್ಲಿ ನೋಡಿ. ಒಂದು ಮೊಳೆ ತೋರ್ಸಿ ನೋಡಣ. ಇಲ್ಲ. ಈ ಕಾಲಿನ ತುದಿ ಆ ಪಟ್ಟಿಯ ತೂತಿನೊಳಗೆ ಕೂತಿದೆ, ಅಡ್ಡ ಮರದ ಬೆಣೆ ಹೊಡೆದಿದೆ. ಮೊಳೆ ಆದ್ರೆ ತುಕ್ಕು ಹಿಡೀತದೆ, ಅಲುಗಾಡ್ತದೆ. ಇದು ವರ್ಷ ಕಳೆದ ಹಾಗೆ ಬಿಗಿ ಆಗ್ತದೆ.”

“ಕೆಲ್ಸ ಚೆಂದಾಗದೆ. ಅದ್ರಲ್ಲಿ ಎರಡ್ಮಾತಿಲ್ಲ. ಆದ್ರೂ ನಮ್ಗೆ…” ರಾಮಣ್ಣ ಅಲ್ಲಿಗೆ ನಿಲ್ಲಿಸಿ, ಯಾರಾದರೂ ಏನಾದರೂ ಕೇಳುತ್ತಾರೇನೋ ಎಂಬಂತೆ ಮುಖ ನೋಡಿದ.

“ಲೆಕ್ಕ ಹಾಕಿ ಗೌಡ್ರೇ,” ರುದ್ರಯ್ಯ ನಾಲ್ಕನೆಯ ಮಾತಿಗೆ ಬಂದಿದ್ದ. “ತೇಗ ಇದು. ಮೂವತ್ತು ವರ್ಷ ಬಾಳಿಕೆ, ನಾನು ಕಮ್ಮಿ ಹೇಳ್ತಿದ್ದೀನಿ. ವರ್ಷಕ್ಕೆ ಹತ್ತಾಣೆ ಕೂಡ ಬೀಳಲ್ಲ. ತಿಂಗಳಿಗೆ ಒಂದಾಣೆಯೂ ಇಲ್ಲ. ಎಲೆ ಅಡಕೆಗೆ ಅದಕ್ಕಿಂತ ಜಾಸ್ತಿ ಖರ್ಚು ಮಾಡ್ತೀವಿ. ಇವತ್ತು ಕೂತೋರು ಮೂವತ್ತು ವರ್ಷ ಇದೇ ಕುರ್ಚೀಲಿ ಕೂತ್ಕೋಬೋದು. ಮೊಮ್ಮಕ್ಕಳನ್ನ ತೊಡೆ ಮೇಲೆ ಹಾಕ್ಕೊಂಡು.”

ರಾಮಣ್ಣನ ಮುಖ ಕಳೆಗುಂದಿತು.

“ಆಯ್ತು ಸಾ. ನೋಡ್ತೀನಿ,” ಎಂದು ಹೊರಟ. ಐದನೆಯ ಮಾತಿಗೆ ಜಾಗವೇ ಇರಲಿಲ್ಲ. ರುದ್ರಯ್ಯ ಕುರ್ಚಿಯನ್ನು ನೇರ ನಿಲ್ಲಿಸುವಷ್ಟರಲ್ಲಿ ಅವನು ಮೆಟ್ಟು ಹಾಕಿಕೊಂಡು ಬೀದಿಗೆ ಇಳಿದಿದ್ದ.

“ಹೋಗ್ಲಿ ಬಿಡು,” ಎಂದರು ಗಂಗಾಧರಯ್ಯನವರು. “ಬೆಲೆ ನಿಂತಿತಲ್ಲ. ನಾಳೆ ಬತ್ತಾನೆ.”

ಮಾರನೆಯ ದಿನ ಬೆಳಿಗ್ಗೆ ಬಂದವನು ರಾಮಣ್ಣನಲ್ಲ, ಗಾಡಿ ಹುಚ್ಚಯ್ಯ. ಅವನೂ ಬೂವನಹಳ್ಳಿಯವನೇ. ಸ್ಟೇಷನ್ನಿನಿಂದ ಅಂಗಡಿಗೆ ಸಾಮಾನು ತಂದುಹಾಕುವವನು. ಎತ್ತಿನ ಹಗ್ಗ ಕಟ್ಟುತ್ತಲೇ ನಗಲು ಶುರುಮಾಡಿದ.

“ಏನ್ಸಾ, ನಿನ್ನೆ ನಮ್ಮೂರ ರಾಮಣ್ಣಂಗೆ ಏನೇಳಿ ಕಳ್ಸುದ್ರಿ? ಊರಿಗೆ ಬಂದೋನು ಯಾರ್ ಕೂಡ್ಲೂ ಮಾತೇ ಆಡ್ನಿಲ್ಲ. ಅರಳಿಕಟ್ಟೇಲಿ ನಾವೆಲ್ಲಾ, ಏನ್ಲಾ ಅಮಲ್ದಾರ, ಕುರ್ಚಿ ಎಲ್ಲಿ ಬುಟ್ಟೆ ಅಂತ ಆಡ್ಕಂಡ್ವಿ.”

“ಅವನಿಗ್ಯಾಕೋ ಕುರ್ಚಿ? ಹೊಲ ಉಳೋದು ಬಿಟ್ಟು ಕೂತ್ಕೋತಾನಾ?” ರುದ್ರಯ್ಯನೂ ನಕ್ಕ.

“ಅವ್ನಿಗೆಲ್ಲಿ ಸಾ? ಅವ್ನೆಂಡ್ರಿಗೆ. ನಂಜವ್ವಂಗೆ.” ಹುಚ್ಚಯ್ಯನ ನಗು ಅಲ್ಲಿಗೆ ಇಳಿಯಿತು. “ಎದ್ಯಾಗೆ ನೀರು ತುಂಬೈತಂತೆ. ಮನಗುದ್ರೆ ಉಸ್ರು ಬರಾಕಿಲ್ಲ. ಈ ಬೇಸ್ಗೆ ಕಳುದ್ರೆ ಎಚ್ಚು ಅಂದವ್ರಂತೆ ಡಾಕ್ಟ್ರು. ರಾಗಿಮೂಟೆಗೆ ಒರಗ್ಸಿರ್ತಾರೆ ಪಾಪ. ನೀವು ಮೂವತ್ತು ವರ್ಸ ಬತ್ತದೆ ಅಂದ್ರಂತಲ್ಲ? ಅದೊಂದೇ ಮಾತು ಅವ್ನು ಅವ್ರವ್ವನ ತಾವ ಯೋಳಿದ್ದು, ಒತ್ತಾರೆ ಆ ಮುದ್ಕೀನೇ ಅಂದ್ಲು. ಮೂವತ್ತು ವರ್ಸ ಕೂತ್ಕಬೋದಂತೆ ಕಣವ್ವಾ ಅಂದು ಗಳಗಳನೆ ಅತ್ತುಬುಟ್ನಂತೆ.”

ರುದ್ರಯ್ಯ ಒಳಗೆ ಬಂದು ತೇಗದ ಕುರ್ಚಿಯನ್ನು ಒರೆಸಲು ನಿಂತ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ತಿಳಿಯದೆ ಆಡಿದ ಮಾತು ಎಂದುಕೊಂಡರೆ ಸಮಾಧಾನವಾಗುತ್ತಿತ್ತು. ಆದರೆ ಹಾಗಲ್ಲವೆಂದು ಅವನಿಗೆ ಗೊತ್ತಿತ್ತು. ತಿಳಿಯಬಾರದೆಂದೇ ಅವನು ಕೇಳಿರಲಿಲ್ಲ. ಆ ಮನುಷ್ಯ ನಮ್ಗೆ ಎಂದು ನಿಲ್ಲಿಸಿ ಮುಖ ನೋಡಿದ್ದ. ಕೇಳಿದ್ದರೆ ಹೇಳುತ್ತಿದ್ದ.

ಇನ್ನೂ ಒಂದು ಇತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕ್ಯಾನ್ವಾಸಿನ ಮಡಿಸುವ ಕುರ್ಚಿಗಳು ಮೂರು ಬಿದ್ದಿದ್ದವು. ಊರೂರಿಗೆ ಸರ್ಕೀಟು ಹೋಗುವ ಅಧಿಕಾರಿಗಳು ಕೊಳ್ಳುವಂಥವು. ಹಿಂಬದಿಯ ಕೋಲನ್ನು ಒಂದು ಕಚ್ಚಿನಿಂದ ಇನ್ನೊಂದಕ್ಕೆ ಎತ್ತಿ ಇಟ್ಟರೆ ಬೆನ್ನು ಬೇಕಾದಷ್ಟು ಏರುತ್ತಿತ್ತು, ಇಳಿಯುತ್ತಿತ್ತು. ತೇಗದ ಕುರ್ಚಿಯ ಬೆನ್ನು ಒಂದೇ ಇಳಿಜಾರಿನದು, ಉಸಿರು ಕಟ್ಟುವವರಿಗೆ ಅದು ತೀರ ಹಿಂದಕ್ಕೆ ಹೋಯಿತು. ರೋಗಿಗೆ ಬೇಕಾಗಿದ್ದದ್ದು ಈ ಕ್ಯಾನ್ವಾಸಿನದೇ. ಬೆಲೆ ಆರೂವರೆ. ಯಾರಿಗೆ ಎಂದು ಒಂದು ಮಾತು ಕೇಳಿದ್ದರೆ ನಿನ್ನೆಯೇ ತೋರಿಸಬಹುದಿತ್ತು, ಒಂದು ಬಿಡಿಗಾಸೂ ಇಳಿಸದೆ.

ಗಂಗಾಧರಯ್ಯನವರು ಬಂದು ಕೂತ ಮೇಲೆ ರುದ್ರಯ್ಯ ಹುಚ್ಚಯ್ಯ ಹೇಳಿದ್ದನ್ನು ಹೇಳಿದ. ಅವರು ಅಡಕೆ ಕತ್ತರಿಯನ್ನು ಕೆಳಗಿಟ್ಟರು.

“ಎರಡನೇ ಮಾತು ಕೇಳ್ಲಿಲ್ವಾ ನೀನು?”

“ಇಲ್ಲ ಬುದ್ಧಿ.”

“ನಾನು ಹೇಳ್ಕೊಟ್ಟಿರ್ಲಿಲ್ವಾ?”

“ಹೇಳ್ಕೊಟ್ಟಿದ್ರಿ.”

“ಮತ್ತೆ?”

ಹರಿಕತೆ ಮಂಡಳಿಯ ಮಾತನ್ನು ರುದ್ರಯ್ಯ ಎತ್ತಲಿಲ್ಲ. ಎತ್ತಿದರೆ ತಪ್ಪಿನಲ್ಲಿ ಅವರಿಗೂ ಪಾಲು ಹಂಚಿದ ಹಾಗಾಗುತ್ತಿತ್ತು. ಹೇಳದಿದ್ದರೂ ಅದು ಗಂಗಾಧರಯ್ಯನವರಿಗೆ ನೆನಪಾಗಿರಬೇಕು. ಅವರು ಮುಖ ಆಚೆ ತಿರುಗಿಸಿದರು.

“ಕೇಳು ಅಂದೆ, ಕೇಳಿ ಕರಗಬೇಡ ಅಂದೆ. ಕೇಳಲೇಬೇಡ ಅಂದೆನಾ ನಾನು? ಕ್ಯಾನ್ವಾಸಿಂದು ಒಂದು ಗಾಡೀಲಿ ಹಾಕ್ಕೊಂಡು ಹೋಗು. ಬೆಲೆ ಇಳಿಸ್ಬೇಡ. ಇವತ್ತು ಅವನಿಗೆ ಇಳಿಸಿದ್ರೆ ನಾಳೆ ಇಡೀ ಬೂವನಹಳ್ಳಿ ಬಂದು ನಿಂತ್ಕೊಳ್ತದೆ.” ರುದ್ರಯ್ಯ ಬಾಗಿಲು ದಾಟುವಾಗ ಹಿಂದಿನಿಂದ ಮತ್ತೊಮ್ಮೆ ಅಂದರು, “ಗಾಡಿ ಬಾಡಿಗೆ ಅಂಗಡೀದು ಅನ್ನು.”

ಹುಚ್ಚಯ್ಯನ ಗಾಡಿಯಲ್ಲಿ ದಾರಿಯುದ್ದಕ್ಕೂ ರುದ್ರಯ್ಯ ಆಡಬೇಕಾದ ಮಾತನ್ನು ಕಟ್ಟುತ್ತಿದ್ದ. ನಿನ್ನೆ ನಾನು ನಿಮ್ಮನ್ನು ಕೇಳಬೇಕಿತ್ತು, ಬೇಕೆಂದೇ ಕೇಳಲಿಲ್ಲ. ಇಷ್ಟನ್ನು ಹೇಳಿದರೆ ಸಾಕು. ಬೆಲೆಯ ಮಾತುಗಳಿಗೆಲ್ಲ ವರಸೆ ಇತ್ತು. ಇದಕ್ಕೆ ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ಅವನಿಗೆ ಹೊಳೆಯಲಿಲ್ಲ.

ರಾಮಣ್ಣನ ಮನೆಯ ಪಡಸಾಲೆಯಲ್ಲಿ ನಂಜಮ್ಮ ಮೂಟೆಗೆ ಒರಗಿ ಕೂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಹುಬ್ಬಿನ ಮೇಲೆ ನಿಂಬೆಹಣ್ಣಿನಷ್ಟು ಊದಿತ್ತು, ಅದರ ಮೇಲೆ ಅರಿಸಿನ ಮೆತ್ತಿದ್ದರು. ರುದ್ರಯ್ಯ ಅದನ್ನೇ ನೋಡುವುದನ್ನು ಕಂಡು ರಾಮಣ್ಣ ಹೇಳಿದ:

“ರಾತ್ರಿ ತೂಕಡಿಸ್ಬುಟ್ಲು ಸಾ. ಮೂಟೆ ಜರುಗ್ತು. ತಲೆ ಒರಳುಕಲ್ಗೆ ವಡದ್ಬುಟ್ತು.”

ನಿನ್ನೆ ರಾತ್ರಿ. ರುದ್ರಯ್ಯ ಗೋಡೆಯ ಪಕ್ಕದ ಒರಳನ್ನು ನೋಡಿದ. ಕುರ್ಚಿಯನ್ನು ಬಿಡಿಸಿ ನಿಲ್ಲಿಸುವಾಗ ಅವನ ಬೆರಳು ಕೋಲಿಗೂ ಕಚ್ಚಿಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ನೋವಾದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

“ಇದು ಗೌಡ್ರೇ, ಬೆನ್ನು ಎಷ್ಟು ಬೇಕೋ ಅಷ್ಟು ಏರಿಸ್ಬೋದು. ಉಸಿರು ಕಷ್ಟ ಆದಾಗ ಈ ಮೇಲಿನ ಕಚ್ಚಿಗೆ ಇಡಿ. ಆರೂವರೆ ರೂಪಾಯಿ.”

ರಾಮಣ್ಣ ಜಾಸ್ತಿಯಾಯಿತು ಎನ್ನಲಿ ಎಂದು ಅವನು ಕಾದ. ಹಾಗೆ ಅಂದರೆ ತನ್ನ ಕೈಯಿಂದಲಾದರೂ ಏನಾದರೂ ಹಾಕಿ ಇಳಿಸಬಹುದು. ರಾಮಣ್ಣ ಅನ್ನಲಿಲ್ಲ. ಒಳಗೆ ಹೋಗಿ ದುಡ್ಡು ತಂದು, ಅಷ್ಟೂ ಕೈಗಿಟ್ಟ. ಚೌಕಾಸಿ ಮಾಡದ ಗಿರಾಕಿಯ ಮುಂದೆ ರುದ್ರಯ್ಯನಿಗೆ ತಲೆ ಎತ್ತಲಾಗಲಿಲ್ಲ.

ಕುರ್ಚಿ ನಿಂತೇ ಇತ್ತು. ನಂಜಮ್ಮ ಏಳಲಿಲ್ಲ.

“ಏಳಮ್ಮಿ,” ಎಂದ ರಾಮಣ್ಣ.

ಅವಳು ಬಾಗಿಲ ಬಳಿ ನೆಲದಲ್ಲಿ ಕೂತಿದ್ದ ಅತ್ತೆ ಬೆಟ್ಟಮ್ಮನ ಕಡೆ ನೋಡಿದಳು. “ಅತ್ತೆವ್ವ ಕೆಳ್ಗೆ ಕೂತೈತೆ. ನಾನೆಂಗೆ ಮ್ಯಾಲೆ ಕೂರ್ಲಿ? ಬ್ಯಾಡ. ಮೂಟೇನೇ ಸಾಕು.” ಅಷ್ಟು ಹೇಳುವುದರಲ್ಲಿ ಅವಳಿಗೆ ಎರಡು ಸಲ ಉಸಿರು ನಿಂತಿತು.

ಇದಕ್ಕೆ ಮದರಾಸಿನ ಏಜೆಂಟನ ಹತ್ತಿರ ಮಾತಿರಲಿಲ್ಲ. ರುದ್ರಯ್ಯ ಬೆಟ್ಟಮ್ಮನ ಮುಂದೆ ಹೋಗಿ ಕುಕ್ಕುರುಗಾಲಲ್ಲಿ ಕೂತ.

“ಅವ್ವಾ, ನಿಮಗೇನನ್ಸುತ್ತೆ? ಇದನ್ನ ಮನೇಲಿ ಇಟ್ಕೊಳ್ಳೋದು ನಿಮಗೆ ಕಷ್ಟವಾ?”

ಮುದುಕಿ ಅವನನ್ನು ಮೇಲಿನಿಂದ ಕೆಳಗೆ ಅಳೆದಳು. “ಈಗ ಕೇಳ್ತೀಯಲ್ಲಪ್ಪ, ನನ್ನ ಯಾರಾರ ಕೇಳುದ್ರಾ ಇಷ್ಟು ದಿವ್ಸ? ಗಂಡ ಎಂಡ್ರು ಅವ್ರವ್ರೇ ಗುಸುಗುಸು. ನಾನೇನು ಬ್ಯಾಡ ಅಂದ್ನಾ? ಆ ಮುಂಡೇಗಂಡ ನನ್ನ ಕಂಡ್ರೆ ಎದುರ್ಕತಾನೆ, ಇವ್ಳು ಅವುನ್ಗಿಂತ ಎದುರ್ಕತಾಳೆ.” ಮಂಡಿಯ ಮೇಲೆ ಕೈಯೂರಿ ಎದ್ದಳು. “ಸರಿ. ನಾನೇ ಮೊದ್ಲು ಕೂತ್ಬುಡ್ತೀನಿ. ಆಮ್ಯಾಕೆ ಯಾವೋಳೂ ಏನೂ ಅನ್ನಂಗಿಲ್ಲ.”

ಕುರ್ಚಿಯ ಕ್ಯಾನ್ವಾಸು ಅವಳನ್ನು ಒಮ್ಮೆಗೇ ಒಳಗೆ ಎಳೆದುಕೊಂಡಿತು. ಕಾಲು ಮೇಲಕ್ಕೆದ್ದವು.

“ಅಯ್ಯಯ್ಯೋ ನುಂಗ್ತು ಕಣ್ಲಾ! ಇಡ್ಕಳ್ಲಾ ರಾಮ!”

ಹುಚ್ಚಯ್ಯ ಅಂಗಳದಿಂದಲೇ, “ಅಮಲ್ದಾರ್ತಿ ಬಂದವ್ಳೆ, ಕಂದಾಯ ತನ್ರೋ!” ಎಂದು ಕೂಗಿದ. ನಂಜಮ್ಮನಿಗೆ ನಗು ಬಂತು, ನಗಲು ಉಸಿರು ಸಾಲದೆ ಎದೆ ಹಿಡಿದುಕೊಂಡಳು. ಮಗ ಎಬ್ಬಿಸಿದ ಮೇಲೆ ಬೆಟ್ಟಮ್ಮ ಸೀರೆ ಸರಿಮಾಡಿಕೊಂಡು, ಕುರ್ಚಿಯ ಮೇಲೆ ತನ್ನ ಕಂಬಳಿಯನ್ನು ತಾನೇ ಹಾಸಿದಳು. “ಬಾರಮ್ಮಿ. ಎಂಜ್ಲು ಮಾಡಿಕೊಟ್ಟಿವ್ನಿ. ಕೂತ್ಕ.”

ರಾಮಣ್ಣ ಹೆಂಡತಿಯನ್ನು ತೋಳು ಹಿಡಿದು ಕೂರಿಸಿದ. ರುದ್ರಯ್ಯ ಕೋಲನ್ನು ಎತ್ತರದ ಕಚ್ಚಿಗೆ ಇಟ್ಟ. ಬಾತ ಕಾಲುಗಳ ಕೆಳಗೆ ಮಣೆ ಇಟ್ಟರು. ಅವಳು ಮೊದಲು ಎರಡು ಕೈಯಲ್ಲೂ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು, ಬೀಳುವ ರೂಢಿಯಾದವಳ ಹಾಗೆ. ಮೆಲ್ಲಗೆ ಒಂದು ಕೈ ಸಡಿಲವಾಯಿತು, ಆಮೇಲೆ ಇನ್ನೊಂದು. ತಲೆ ಪಕ್ಕಕ್ಕೆ ವಾಲಿತು. ಕ್ಯಾನ್ವಾಸು ಅದನ್ನು ಹಿಡಿದುಕೊಂಡಿತು. ಅರಿಸಿನ ಮೆತ್ತಿದ ಹುಬ್ಬು ಬೆಳಕಿನ ಕಡೆಗೆ ತಿರುಗಿತ್ತು.

ಬೆಟ್ಟಮ್ಮ ಕೋಳಿಗಳನ್ನು ಸದ್ದಿಲ್ಲದೆ ಆಚೆ ಅಟ್ಟಿದಳು. ರಾಮಣ್ಣ ಕೈ ಮುಗಿದುಕೊಂಡು ರುದ್ರಯ್ಯನ ಹತ್ತಿರಕ್ಕೆ ಬಂದು, ಕೇಳಿಸಿಯೂ ಕೇಳಿಸದ ದನಿಯಲ್ಲಿ, “ನಿಮ್ಮಂತೋರು ಎಲ್ಲಿ ಸಿಕ್ತಾರೆ ಸಾ? ನಾವು ಕೇಳ್ದೇನೇ ತಂದ್ಕೊಟ್ರಿ,” ಎಂದ.

ರುದ್ರಯ್ಯನಿಗೆ ದಾರಿಯಲ್ಲಿ ಕಟ್ಟಿದ್ದ ಮಾತು ಒಂದೇ ಸಲಕ್ಕೆ ನುಗ್ಗಿ ಬಂತು.

“ಗೌಡ್ರೇ, ನಿನ್ನೆ ನಾನು…”

ರಾಮಣ್ಣ ಬೇಗನೆ ಬೆರಳನ್ನು ತುಟಿಗೆ ಇಟ್ಟು, ಕುರ್ಚಿಯ ಕಡೆ ಕಣ್ಣು ತೋರಿಸಿದ. ನಂಜಮ್ಮನ ಎದೆ ಏರಿ ಇಳಿಯುತ್ತಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಆ ಮನೆಯಲ್ಲಿ ಈಗ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ.

ರುದ್ರಯ್ಯ ತಲೆಯಾಡಿಸಿದ. ಹೊಸಲು ದಾಟಿ, ಸದ್ದಾಗದಂತೆ ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಅಂಗಳಕ್ಕೆ ಇಳಿದ. ಅಲ್ಲಿ ಹುಚ್ಚಯ್ಯ ಎತ್ತುಗಳ ಕೊರಳಿನ ಗಂಟೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ. ರುದ್ರಯ್ಯ ಗಾಡಿ ಹತ್ತಿ ಕೂತ.